ದುಬೈನಿಂದ ಬಂದ 40,000 ದಿರ್ಹಮ್: ಇ-ರೂಪಾಯಿ ಸೇತುವೆ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತು?

ಪೀಣ್ಯ_ಲೇತ್
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ಚಿಕ್ಕ ಯೂನಿಟ್ ನಮ್ಮದು, ಪಂಪಿಗೆ ಹಾಕುವ ಶಾಫ್ಟ್, ಬುಷ್ ಮಾಡ್ತೀವಿ. ದುಬೈನಲ್ಲಿ ಒಬ್ಬ ಗಿರಾಕಿ ಇದ್ದಾನೆ, ದಿರ್ಹಮ್‌ನಲ್ಲೇ ಬಿಲ್. ಹೋದ ಸಲ 40,000 ದಿರ್ಹಮ್ ಕಳಿಸಿದ. ಅವತ್ತು ಮೊಬೈಲಿನಲ್ಲಿ ನೋಡಿದ ದರ ₹23.00. ಅಂದ್ರೆ ₹9,20,000 ಬರಬೇಕು. ಖಾತೆಗೆ ಬಿದ್ದದ್ದು ₹9,04,004. ಮಂಗಳವಾರ ಮಧ್ಯಾಹ್ನ ಕಳಿಸಿದ್ದು, ಗುರುವಾರ ಮಧ್ಯಾಹ್ನ ಬಂತು. ಹುಡುಗರ ಸಂಬಳದ ವಾರ ಬೇರೆ.

ಕೇಂದ್ರ ಬ್ಯಾಂಕುಗಳೇ ತಮ್ಮ ಡಿಜಿಟಲ್ ಕರೆನ್ಸಿಗಳನ್ನ, ನಮ್ಮ ಇ-ರೂಪಾಯಿ ಥರದ್ದನ್ನ, ಸೇತುವೆ ಹಾಕಿ ಒಂದಕ್ಕೊಂದು ಜೋಡಿಸಿದ್ರೆ ಇದೆಲ್ಲ ಸೆಕೆಂಡಿನಲ್ಲಿ, ಖರ್ಚಿಲ್ಲದೆ ಆಗುತ್ತೆ ಅಂತ ಮಗ ಹೇಳ್ತಾನೆ. ನಿಜಾನಾ? ನನ್ನ ಹದಿನಾರು ಸಾವಿರದಲ್ಲಿ ಎಷ್ಟು ಉಳಿಯುತ್ತಿತ್ತು?

ಎಚ್‌ಎಸ್‌ಆರ್_ಹೈದ
ಮಗ ಕರೆಕ್ಟಾಗೇ ಹೇಳಿದಾನೆ ಸರ್. ಎಂ-ಬ್ರಿಡ್ಜ್ ಅಂತ ಇದೆ, ಚೀನಾ, ಹಾಂಗ್‌ಕಾಂಗ್, ಥಾಯ್ಲೆಂಡ್, ಯುಎಇ ಎಲ್ಲ ಒಂದೇ ಲೆಡ್ಜರ್ ಮೇಲೆ. ಮೂರರಿಂದ ಐದು ದಿನ ಹಿಡೀತಿದ್ದದ್ದು ಸೆಕೆಂಡುಗಳಿಗೆ ಇಳಿದಿದೆ, ಖರ್ಚು ಅರ್ಧ. ಮಧ್ಯದ ಬ್ಯಾಂಕುಗಳು ಇಲ್ಲ, ಡಾಲರ್ ಇಲ್ಲ, ಆದ್ರಿಂದ ವಿನಿಮಯದ ಕಮಿಷನ್ನೂ ಇಲ್ಲ. ಇಂಡಿಯಾನೂ ಅದರಲ್ಲಿ ಸೇರಿದೆ. ಇನ್ನೆರಡು ವರ್ಷ ಕಾಯಿರಿ ಅಷ್ಟೆ.

ನಾಸ್ಟ್ರೋ_ತಾತ
ಮೂವತ್ತು ವರ್ಷ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಎದ್ದವನು ನಾನು, ಈಗ ಬಸವನಗುಡಿಯಲ್ಲಿ ನಿವೃತ್ತ. ಮೊದಲು ಸಣ್ಣ ತಿದ್ದುಪಡಿ. ಎಂ-ಬ್ರಿಡ್ಜ್‌ನಲ್ಲಿ ಇರುವವರು ಚೀನಾ, ಹಾಂಗ್‌ಕಾಂಗ್, ಥಾಯ್ಲೆಂಡ್, ಯುಎಇ. 2024ರ ಜೂನ್‌ನಲ್ಲಿ ಸೌದಿ ಸೇರಿತು. ಭಾರತ ಈ ಐವರಲ್ಲಿಲ್ಲ. ಶುರುವಿನಿಂದ ಜೊತೆಗಿದ್ದ, ಕೇಂದ್ರ ಬ್ಯಾಂಕುಗಳಿಗೇ ಬ್ಯಾಂಕಿನಂತಿರುವ ಬಾಸೆಲ್‌ನ ಬಿಐಎಸ್ ಕೂಡ 2024ರ ಅಕ್ಟೋಬರ್ ಕೊನೆಗೆ ಹೊರಬಂತು. ನಮ್ಮ ರಿಸರ್ವ್ ಬ್ಯಾಂಕ್ ಯುಎಇ ಕೇಂದ್ರ ಬ್ಯಾಂಕಿನ ಜೊತೆ ಬೇರೆಯಾಗಿ, 2023ರ ಮಾರ್ಚ್‌ನಲ್ಲಿ, ಎರಡು ಡಿಜಿಟಲ್ ಕರೆನ್ಸಿಗಳನ್ನು ಹೊಂದಿಸಿ ನೋಡುವ ಒಪ್ಪಂದ ಮಾಡಿಕೊಂಡಿದೆ. ಒಪ್ಪಂದ ಅಂದರೆ ಓಡುವ ವ್ಯವಸ್ಥೆ ಅಲ್ಲ.

ಸೆಕೆಂಡಿನ ಮಾತು ಸುಳ್ಳಲ್ಲ. ಎಂ-ಬ್ರಿಡ್ಜ್‌ಗೂ ಮುಂಚಿನ ಹಾಂಗ್‌ಕಾಂಗ್-ಥಾಯ್ಲೆಂಡ್ ಪ್ರಯೋಗದ ವರದಿಯಲ್ಲೇ ಎರಡರಿಂದ ಹತ್ತು ಸೆಕೆಂಡು ಅಂತಿದೆ, ಖರ್ಚು ಅರ್ಧದ ತನಕ ಇಳಿಯಬಹುದು ಅಂತಲೂ ಇದೆ. ಆದರೆ ಯಾರ ಖರ್ಚು, ಯಾವ ಖರ್ಚು ಅನ್ನೋದು ಪ್ರಶ್ನೆ. ಪೀಣ್ಯದವರೇ, ಬ್ಯಾಂಕ್ ಕೊಟ್ಟ ಅಡ್ವೈಸ್, ಅಂದರೆ ಹಣ ಬಂದ ಲೆಕ್ಕದ ಚೀಟಿ, ಇದ್ದರೆ ಒಂದೊಂದು ಸಾಲೂ ಇಲ್ಲಿ ಹಾಕಿ. ಹದಿನಾರು ಸಾವಿರ ಒಂದೇ ಮುದ್ದೆ ಅಲ್ಲ.

ಪೀಣ್ಯ_ಲೇತ್
ಇದೆ ಸರ್. ದುಬೈ ಕಡೆ ಒಂದು ಬ್ಯಾಂಕ್ 75 ದಿರ್ಹಮ್ ಮುರಿದುಕೊಂಡಿದೆ, ಬಂದದ್ದು 39,925. ನಮ್ಮ ಬ್ಯಾಂಕ್ ಕೊಟ್ಟ ದರ ₹22.68. ಬ್ಯಾಂಕ್ ಚಾರ್ಜ್ ಜಿಎಸ್‌ಟಿ ಸೇರಿ ₹590. ಇನ್ನೊಂದು ಜಿಎಸ್‌ಟಿ ₹905, ಅದು ಯಾಕೆ ಅಂತ ನನಗೆ ಗೊತ್ತಿಲ್ಲ.

ನಾಸ್ಟ್ರೋ_ತಾತ
ಆ ₹905 ಹಣ ಬದಲಾಯಿಸಿದ್ದಕ್ಕೆ ಸರ್ಕಾರಕ್ಕೆ ಹೋಗುವ ತೆರಿಗೆ. ಮೊದಲ ಲಕ್ಷಕ್ಕೆ ಸಾವಿರ ರೂಪಾಯಿ, ಮಿಕ್ಕಿದ್ದಕ್ಕೆ ನೂರಕ್ಕೆ ಐವತ್ತು ಪೈಸೆ, ಇದನ್ನು ಸೇವೆಯ ಬೆಲೆ ಅಂತ ಲೆಕ್ಕ ಹಿಡಿದು ಅದರ ಮೇಲೆ ಶೇ. 18. ಹಣ ಯಾವ ದಾರಿಯಲ್ಲಿ ಬಂದರೂ, ಇಲ್ಲಿ ಒಂದು ಕರೆನ್ಸಿ ಇನ್ನೊಂದಾದರೆ ಈ ತೆರಿಗೆ ಇದೆ.

ಈಗ ಲೆಕ್ಕ. 75 ದಿರ್ಹಮ್ ಅಂದರೆ ₹1,725. ಬ್ಯಾಂಕ್ ಚಾರ್ಜ್ ₹590. ತೆರಿಗೆ ₹905. ಇನ್ನುಳಿದದ್ದು ದರದಲ್ಲಿ ಹೋದ 32 ಪೈಸೆ: 39,925ಕ್ಕೆ ₹12,776. ಎಲ್ಲ ಕೂಡಿಸಿದರೆ ₹15,996, ನಿಮ್ಮ ಲೆಕ್ಕಕ್ಕೆ ತಾಳೆ ಆಯ್ತು. ಅಂದರೆ ಹೋದ ದುಡ್ಡಲ್ಲಿ ಐದನೇ ನಾಲ್ಕು ಭಾಗ ಹೋಗಿದ್ದು ದರದಲ್ಲಿ. ಮಧ್ಯವರ್ತಿ ಬ್ಯಾಂಕ್ ಕಿತ್ತುಕೊಂಡದ್ದು ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ.

ಡಿಜಿಟಲ್ ಸೇತುವೆ ಖಂಡಿತವಾಗಿ ತೆಗೆದುಹಾಕುವುದು ಆ 75 ದಿರ್ಹಮ್ ಅನ್ನು. ಈಗ ನಿಮ್ಮ ಬ್ಯಾಂಕು ದುಬೈನ ಯಾವುದೋ ಬ್ಯಾಂಕಿನಲ್ಲಿ ದಿರ್ಹಮ್ ಖಾತೆ ಇಟ್ಟಿರುತ್ತದೆ, ಅದಕ್ಕೇ ನಾಸ್ಟ್ರೋ ಅನ್ನುವುದು, ನನ್ನ ಹೆಸರೂ ಅದರದ್ದೇ. ಆ ಖಾತೆಯ ಬಾಗಿಲು ಕಾಯುವವನಿಗೆ ಕೊಟ್ಟ ಬಾಡಿಗೆ ಅದು. ಎರಡೂ ಕಡೆಯ ಬ್ಯಾಂಕು ಒಂದೇ ಲೆಡ್ಜರಿನಲ್ಲಿದ್ದರೆ ಆ ಖಾತೆಯೇ ಬೇಡ.

ಎಚ್‌ಎಸ್‌ಆರ್_ಹೈದ
ಸರಿ ತಾತ, ಇಂಡಿಯಾ ವಿಷಯ ನಂದು ತಪ್ಪು. ಆದರೆ ಆ 32 ಪೈಸೆ ಇರೋದೇ ಮಧ್ಯದಲ್ಲಿ ಡಾಲರ್ ಬರೋದ್ರಿಂದ ತಾನೆ? ದಿರ್ಹಮ್ ಇಂದ ಡಾಲರ್, ಡಾಲರ್ ಇಂದ ರೂಪಾಯಿ. ಎರಡು ಸಲ ಬದಲಾವಣೆ, ಎರಡು ಸಲ ಕಮಿಷನ್. ನೇರ ಆದ್ರೆ ಹೋಗ್ಬೇಕಲ್ಲ?

ನಾಸ್ಟ್ರೋ_ತಾತ
ಕೇಳಲು ಸರಿ ಅನ್ನಿಸುತ್ತದೆ, ಬೇರೆ ಕರೆನ್ಸಿಗೆ ಸ್ವಲ್ಪ ನಿಜವೂ ಇರಬಹುದು. ದಿರ್ಹಮ್‌ಗೆ ಅಲ್ಲ. ದಿರ್ಹಮ್ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದ ಗೂಟದ ಹಸು, ಅಲ್ಲಾಡುವುದಿಲ್ಲ. ಆ ಮೊದಲ ಬದಲಾವಣೆಯಲ್ಲಿ ಯಾರೂ ದೊಡ್ಡ ದುಡ್ಡು ಮಾಡುತ್ತಿಲ್ಲ. ಪೀಣ್ಯದವರೇ, ನಿಮ್ಮ 32 ಪೈಸೆಯನ್ನು ಡಾಲರ್ ಲೆಕ್ಕಕ್ಕೆ ತಿರುಗಿಸಿದರೆ ಡಾಲರಿಗೆ ಸುಮಾರು ₹1.17. ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್-ರೂಪಾಯಿ ಕೊಡು-ಕೊಳ್ಳುವಾಗ ಸಾಧಾರಣ ದಿನದಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಒಂದು ಪೈಸೆಯ ಆಸುಪಾಸು. ಒಂದು ಪೈಸೆ ಎಲ್ಲಿ, ನೂರ ಹದಿನೇಳು ಪೈಸೆ ಎಲ್ಲಿ?

ಆ ಅಂತರ ತಂತ್ರಜ್ಞಾನದ್ದಲ್ಲ. ನಿಮಗೆ ಹಾಕಿದ್ದು ಕಾರ್ಡ್ ರೇಟು. ಬೆಳಿಗ್ಗೆ ಪಟ್ಟಿ ಮಾಡಿ ಶಾಖೆಗಳಿಗೆ ಕಳಿಸುತ್ತಾರಲ್ಲ, ಅದು. ದೊಡ್ಡ ರಫ್ತುದಾರ ಬ್ಯಾಂಕಿನ ಟ್ರೆಷರಿಗೆ, ಅಂದರೆ ದರ ಹಾಕುವ ವಿಭಾಗಕ್ಕೆ, ಫೋನ್ ಮಾಡಿ ಡೀಲ್ ರೇಟು ಕೇಳುತ್ತಾನೆ, ಕೇಳದವನಿಗೆ ಪಟ್ಟಿ ದರ. ನಾವೇ ಹಾಗೆ ಮಾಡುತ್ತಿದ್ದೆವು, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಸುಮಾ_ಯಶವಂತಪುರ
ಮಧ್ಯೆ ಬಾಯಿ ಹಾಕ್ತಿದೀನಿ, ತಪ್ಪು ತಿಳ್ಕೋಬೇಡಿ. ನನ್ನ ತಮ್ಮ ಶಾರ್ಜಾದಲ್ಲಿದ್ದಾನೆ, ತಿಂಗಳಿಗೆ 1,500 ದಿರ್ಹಮ್ ಅಮ್ಮನಿಗೆ ಕಳಿಸ್ತಾನೆ. ನನ್ನ ಫೋನಲ್ಲಿ ಇ-ರೂಪಾಯಿ ಆ್ಯಪ್ ಇದೆ, ಬೆಂಗಳೂರಲ್ಲಿ ಮೊದಲು ಶುರುವಾದಾಗಲೇ ಹಾಕಿಸಿಕೊಂಡೆ, ತರಕಾರಿ ಅಂಗಡೀಲಿ ಎರಡು ಸಲ ಬಳಸಿದೀನಿ. ಅವನು ಅಲ್ಲಿಂದ ನೇರ ಈ ವ್ಯಾಲೆಟ್‌ಗೆ ಹಾಕಬಹುದಾ?

ನಾಸ್ಟ್ರೋ_ತಾತ
ಇಲ್ಲಮ್ಮ. ನಿಮ್ಮ ಫೋನಿನದು ಜನರ ಕೈಗೆ ಕೊಟ್ಟ ಇ-ರೂಪಾಯಿ, 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ಊರಿನಲ್ಲಿ ಶುರುವಾದದ್ದು. ನಾವು ಇಲ್ಲಿ ಮಾತಾಡುತ್ತಿರುವುದು ಬ್ಯಾಂಕು-ಬ್ಯಾಂಕಿನ ನಡುವೆ ಮಾತ್ರ ಓಡುವ ಸಗಟು ಡಿಜಿಟಲ್ ಹಣ. ಎಂ-ಬ್ರಿಡ್ಜ್‌ನಲ್ಲೂ ವ್ಯಾಲೆಟ್ ಇರುವುದು ಬ್ಯಾಂಕಿಗೆ, ಗಿರಾಕಿಗಲ್ಲ. ತಮ್ಮನಿಗೆ ಎಕ್ಸ್‌ಚೇಂಜ್ ಹೌಸೇ ಸದ್ಯಕ್ಕೆ. ಎರಡು ಮೂರು ಕಡೆ ಕೇಳಿ, 1,500 ದಿರ್ಹಮ್‌ಗೆ ಕೈಗೆ ಎಷ್ಟು ರೂಪಾಯಿ ಬರುತ್ತದೆ ಅಂತ ಮಾತ್ರ ಕೇಳಲಿ, ಫೀಸು ಎಷ್ಟು ಅಂತಲ್ಲ. ಫೀಸು ಸೊನ್ನೆ ಅಂದವನು ದರದಲ್ಲಿ ಹಿಡಿಯುತ್ತಾನೆ.

ಸುಮಾ_ಯಶವಂತಪುರ
ಹೌದು ಸರ್! ಫೀಸ್ ಇಲ್ಲ ಅಂತ ಬೋರ್ಡ್ ಹಾಕಿರೋ ಕಡೆಗೇ ಹೋಗ್ತಾನೆ ಅವನು. ಈಗಲೇ ಮೆಸೇಜ್ ಹಾಕ್ತೀನಿ.

ಡೀಲರ್_ಅಲ್ಲ_ಕ್ಲರ್ಕ್
ಒಂದು ಖಾಸಗಿ ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿದ್ದೇನೆ, ಒಳಬರುವ ಹಣವೇ ನನ್ನ ದಿನದ ಕೆಲಸ. ದರದ ಮಾತು ತಾತ ಹೇಳಿದರು, ನಾನು ಸಮಯದ ಮಾತು ಹೇಳ್ತೀನಿ. ಪೀಣ್ಯದವರೇ, ನಿಮ್ಮ ಗಿರಾಕಿಯ ಹತ್ರ ಯುಇಟಿಆರ್ ನಂಬರ್ ಕೇಳಿ. 36 ಅಕ್ಷರದ ಉದ್ದನೆ ನಂಬರ್, ಅವನ ಬ್ಯಾಂಕ್ ಕೊಡುತ್ತೆ. ಅದು ಕೊಟ್ಟರೆ ನಿಮ್ಮ ಶಾಖೆಯವರು ಬ್ಯಾಂಕುಗಳ ನಡುವೆ ಮೆಸೇಜ್ ಸಾಗಿಸುವ ಸ್ವಿಫ್ಟ್ ಜಾಲದ ಟ್ರ್ಯಾಕರ್‌ನಲ್ಲಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ತೆಗೆದುಕೊಡಬೇಕು.

ಪೀಣ್ಯ_ಲೇತ್
*(ಮಾರನೇ ದಿನ)*
ಸಿಕ್ತು. ಮಂಗಳವಾರ ನಮ್ಮ ಗಂಟೆ 3:30ಕ್ಕೆ ಹೊರಟಿದೆ. ಅದೇ ದಿನ ಸಂಜೆ 6:40ಕ್ಕೆ ನಮ್ಮ ಬ್ಯಾಂಕ್ ಮುಟ್ಟಿದೆ. ನನ್ನ ಖಾತೆಗೆ ಗುರುವಾರ 3:10. ಅಂದ್ರೆ ಸಮುದ್ರ ದಾಟೋಕೆ ಮೂರು ಗಂಟೆ, ಎಂ.ಜಿ. ರೋಡಿಂದ ಪೀಣ್ಯಕ್ಕೆ ಬರೋಕೆ 44 ಗಂಟೆ. ಟ್ರಾಫಿಕ್ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ.

ಡೀಲರ್_ಅಲ್ಲ_ಕ್ಲರ್ಕ್
ಇದೇ ಎಲ್ಲ ಕಡೆ ನಡೆಯೋದು. ಬಿಐಎಸ್ ಅಡಿಯ ಪಾವತಿ ಸಮಿತಿ 2022ರಲ್ಲಿ ಸ್ವಿಫ್ಟ್ ಅಂಕಿಗಳನ್ನು ಹಿಡಿದು ನೋಡಿದಾಗಲೂ ತಡ ಆಗೋದು ಮುಖ್ಯವಾಗಿ ಹಣ ಪಡೆಯುವ ಬ್ಯಾಂಕಿನಲ್ಲಿ ಅಂತಲೇ ಕಂಡಿತ್ತು. ನಿಮ್ಮ 44 ಗಂಟೆಯಲ್ಲಿ ಮೂರು ಬೇರೆಬೇರೆ ಕಾಯುವಿಕೆ ಇದೆ.

ಮೊದಲನೇದು. ಮಂಗಳವಾರ ಸಂಜೆ ನಮಗೆ ಬಂದದ್ದು ಮೆಸೇಜು. ದುಡ್ಡು ನಾಸ್ಟ್ರೋ ಖಾತೆಗೆ ನಿಜವಾಗಿ ಜಮಾ ಆಗಿದೆಯಾ ಅನ್ನೋದು ದುಬೈ ಬ್ಯಾಂಕ್ ದಿನದ ಕೊನೆಗೆ ಕಳಿಸುವ ಸ್ಟೇಟ್‌ಮೆಂಟ್‌ನಲ್ಲಿ ಗೊತ್ತಾಗೋದು. ಬುಧವಾರ ಬೆಳಿಗ್ಗೆ ನಾವು ಮೆಸೇಜನ್ನೂ ಸ್ಟೇಟ್‌ಮೆಂಟನ್ನೂ ಜೋಡಿ ಮಾಡ್ತೀವಿ. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕರಡು ಸುತ್ತೋಲೆ ಬೆರಳಿಟ್ಟದ್ದು ಇಲ್ಲೇ: ದಿನದ ಕೊನೆಯ ಸ್ಟೇಟ್‌ಮೆಂಟ್‌ಗೆ ಕಾಯಬೇಡಿ, ಹಗಲಿನಲ್ಲೇ ಮತ್ತೆ ಮತ್ತೆ ತಾಳೆ ನೋಡಿ, ಮೆಸೇಜ್ ಬಂದ ತಕ್ಷಣ ಗಿರಾಕಿಗೆ ತಿಳಿಸಿ ಅಂತ.

ಎರಡನೇದು ಕಾಗದ. ನಿಮ್ಮ ಗಿರಾಕಿ ಬರೀ "ಇನ್‌ವಾಯ್ಸ್ ಪೇಮೆಂಟ್" ಅಂತ ಬರೆದಿರ್ತಾನೆ. ಅದು ಮುಂಗಡವಾ, ಅಂದ್ರೆ ನಮ್ಮ ಕೋಡ್‌ನಲ್ಲಿ P0103, ಅಥವಾ ಆಗಲೇ ಹೋದ ಸರಕಿನ ಬಿಲ್ಲಾ, ಅಂದ್ರೆ P0102, ನಮಗೆ ಗೊತ್ತಾಗಲ್ಲ. ತಪ್ಪು ಹಾಕಿದ್ರೆ ಆಮೇಲೆ ನಿಮ್ಮ ಶಿಪ್ಪಿಂಗ್ ಬಿಲ್, ರಫ್ತಿನ ದುಡ್ಡು ಬಂತಾ ಅಂತ ರಿಸರ್ವ್ ಬ್ಯಾಂಕ್ ನೋಡುವ ಇಡಿಪಿಎಂಎಸ್‌ನಲ್ಲಿ, ಮುಚ್ಚೋದೇ ಇಲ್ಲ. ಹಾಗಾಗಿ ಈ ದುಡ್ಡು ಯಾತಕ್ಕೆ ಅಂತ ನೀವು ಬರೆದುಕೊಡುವ ಡಿಸ್ಪೋಸಲ್ ಲೆಟರ್ ಕೇಳಿ ಮೇಲ್ ಹಾಕ್ತೀವಿ. ನೀವು ಯಾವಾಗ ಉತ್ತರ ಕೊಟ್ರಿ?

ಪೀಣ್ಯ_ಲೇತ್
ಬುಧವಾರ ಮಧ್ಯಾಹ್ನ ಮೇಲ್ ಬಂದಿತ್ತು. ನಾನು ನೋಡಿದ್ದು ರಾತ್ರಿ. ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿದ್ದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಯ್ಯೋ, ಹಾಗಾದ್ರೆ ಸುಮಾರು ಒಂದು ದಿನ ನನ್ನದೇ.

ಡೀಲರ್_ಅಲ್ಲ_ಕ್ಲರ್ಕ್
ಅದೇ. ಮೂರನೇದು ದರ. ಹನ್ನೊಂದಕ್ಕೆ ಕಾಗದ ಬಂದರೂ ಪರಿಶೀಲನೆ ಮುಗಿದು ದರ ಹಾಕೋ ಸಾಲಿನಲ್ಲಿ ನಿಲ್ಲುತ್ತೆ. 3:30 ದಾಟಿದ್ದಿದ್ರೆ ಶುಕ್ರವಾರಕ್ಕೆ ಹೋಗ್ತಿತ್ತು, ರೂಪಾಯಿ ಮಾರುಕಟ್ಟೆ ಆ ಹೊತ್ತಿಗೆ ಮುಚ್ಚುತ್ತೆ. ನಿಮ್ಮ ಅದೃಷ್ಟ.

ಕೇಂದ್ರ ಬ್ಯಾಂಕಿನ ಡಿಜಿಟಲ್ ಹಣದಲ್ಲಿ ಮೆಸೇಜೂ ದುಡ್ಡೂ ಬೇರೆಬೇರೆ ಅಲ್ಲ. ಟೋಕನ್ ಬಂತು ಅಂದ್ರೆ ದುಡ್ಡೇ ಬಂತು, ತಾಳೆ ನೋಡೋ ಕೆಲಸವೇ ಇಲ್ಲ. ಹಾಗಾಗಿ ಮೊದಲನೇ ಕಾಯುವಿಕೆ ಪೂರ್ತಿ ಹೋಗುತ್ತೆ, ನಿಮ್ಮ ಲೆಕ್ಕದಲ್ಲಿ ಒಂದು ರಾತ್ರಿ. ಎರಡನೇದಕ್ಕೆ ಸೇತುವೆ ಏನೂ ಮಾಡಲ್ಲ, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಅಲ್ಲೇ ಇರುತ್ತೆ.

ಎಚ್‌ಎಸ್‌ಆರ್_ಹೈದ
ಅದನ್ನ ಟೋಕನ್ ಒಳಗೇ ಬರೀಬಹುದಲ್ವಾ? ಕೋಡ್ ಇಲ್ದೇ ಇದ್ರೆ ದುಡ್ಡು ಹೊರಡೋದೇ ಬೇಡ. ಕಳಿಸೋನಿಗೇ ಫಾರ್ಮ್ ತುಂಬಿಸಿ.

ಡೀಲರ್_ಅಲ್ಲ_ಕ್ಲರ್ಕ್
ಇದು ಒಳ್ಳೆ ಮಾತು. ಆದ್ರೆ ಅದಕ್ಕೆ ಡಿಜಿಟಲ್ ಕರೆನ್ಸಿನೇ ಬೇಕಿಲ್ಲ, ಈಗಿನ ಸ್ವಿಫ್ಟ್‌ನ ಹೊಸ ಮಾದರಿ ಮೆಸೇಜಿನಲ್ಲೂ ಜಾಗ ಇದೆ. ದುಬೈನ ಕ್ಯಾಷಿಯರಿಗೆ ನಮ್ಮ P0102 ಯಾರು ಕಲಿಸ್ತಾರೆ ಅನ್ನೋದೇ ಸಮಸ್ಯೆ.

ಅರ್ಧಶಾಸ್ತ್ರಿ
ಒಂದು ಪ್ರಶ್ನೆ ತಾತನವರಿಗೆ. ಸೇತುವೆ ಮೇಲೆ ದಿರ್ಹಮ್ ರೂಪಾಯಿ ಆಗೋದು ಎಲ್ಲಿ? ದುಬೈನಲ್ಲೋ ಬೆಂಗಳೂರಿನಲ್ಲೋ? ಯಾಕಂದ್ರೆ ದರ ಹಾಕೋನು ಯಾರು ಅನ್ನೋದು ಅದರ ಮೇಲೆ ನಿಂತಿದೆ.

ನಾಸ್ಟ್ರೋ_ತಾತ
ಇದೇ ಗಂಟು. ಎರಡೂ ಆಗಬಹುದು. ಒಂದು, ದುಬೈನ ಬ್ಯಾಂಕು ಡಿಜಿಟಲ್ ದಿರ್ಹಮ್ ಅನ್ನೇ ಇಲ್ಲಿನ ಬ್ಯಾಂಕಿಗೆ ಕಳಿಸುತ್ತದೆ, ಇಲ್ಲಿನ ಬ್ಯಾಂಕು ತನ್ನ ದರದಲ್ಲಿ ರೂಪಾಯಿ ಕೊಡುತ್ತದೆ. ಆಗ ಪೀಣ್ಯದವರ 32 ಪೈಸೆ ಹಾಗೆಯೇ ಉಳಿಯುತ್ತದೆ, ಹಣ ಮಾತ್ರ ಬೇಗ ಬಂದಿರುತ್ತದೆ. ಎರಡು, ದುಬೈನ ಬ್ಯಾಂಕೇ ಅಲ್ಲಿ ಇ-ರೂಪಾಯಿ ಕೊಂಡು ಕಳಿಸುತ್ತದೆ. ಆಗ ದರ ಹಾಕುವವನು ದುಬೈನವನು. ಪೀಣ್ಯದವರು ದಿರ್ಹಮ್‌ನಲ್ಲಿ ಬಿಲ್ ಮಾಡಿದ್ದಾರೆ, ಕೈಗೆ ರೂಪಾಯಿ ಬರುತ್ತದೆ, ಯಾವ ದರ ಅಂತ ಕೇಳಲು ಇಲ್ಲಿ ಕೌಂಟರೇ ಇರುವುದಿಲ್ಲ. ಅದು ಈಗಿನದಕ್ಕಿಂತ ಕೆಟ್ಟದ್ದೂ ಆಗಬಹುದು.

2022ರ ಆಗಸ್ಟ್ 15ರಿಂದ ಸೆಪ್ಟೆಂಬರ್ 23ರವರೆಗೆ ಎಂ-ಬ್ರಿಡ್ಜ್‌ನಲ್ಲಿ ನಿಜವಾದ ದುಡ್ಡಿನ ಪ್ರಯೋಗ ನಡೆಯಿತು. ನಾಲ್ಕು ಕಡೆಯ 20 ಬ್ಯಾಂಕು, 160ಕ್ಕೂ ಹೆಚ್ಚು ವಹಿವಾಟು, ಒಟ್ಟು 2.2 ಕೋಟಿ ಡಾಲರಿಗೂ ಮೇಲೆ. ಅದರಲ್ಲಿ ಎರಡು ಕರೆನ್ಸಿಯೂ ಒಂದೇ ಕ್ಷಣದಲ್ಲಿ ಕೈ ಬದಲಾಯಿಸಿದವು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಬಾರದೇ ಇರುವ ಅಪಾಯ ಇಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕು ಹಗಲು ಹೊತ್ತಿನಲ್ಲೇ ಮುಚ್ಚಿ, ಮಾರ್ಕ್ ತೆಗೆದುಕೊಂಡು ಡಾಲರ್ ಕೊಡದೆ ಹೋದಾಗಿನಿಂದ ನಮ್ಮ ವೃತ್ತಿಯವರಿಗೆ ಇದೇ ಭಯ. ಆದರೆ ದರವನ್ನು ವೇದಿಕೆಯ ಮೇಲೇ ಹುಡುಕಿ, ಕೊಳ್ಳುವವನನ್ನೂ ಮಾರುವವನನ್ನೂ ಜೋಡಿಸುವ ಕೆಲಸವನ್ನು ಆ ವರದಿಯವರು ಮುಂದೆ ಮಾಡಬೇಕಾದದ್ದರ ಪಟ್ಟಿಯಲ್ಲಿ ಇಟ್ಟರು. ಅಂದರೆ ಹಣದ ಚಲನೆ ಬಗೆಹರಿಯಿತು, ಬೆಲೆ ಬಗೆಹರಿಯಲಿಲ್ಲ.

ಅರ್ಧಶಾಸ್ತ್ರಿ
ಹಾಗಾದ್ರೆ ನಾಲ್ಕೈದು ಬ್ಯಾಂಕು ಒಟ್ಟಿಗೆ ದರ ಹೇಳೋ ಹಾಗೆ ಮಾಡಿದ್ರೆ ಇಳಿಯುತ್ತೆ. ಆದ್ರೆ ರಾತ್ರಿ ಹನ್ನೊಂದಕ್ಕೆ ಯಾವ ಬ್ಯಾಂಕ್ ಒಳ್ಳೆ ದರ ಹೇಳುತ್ತೆ? ಸೇತುವೆ 24 ಗಂಟೆ ತೆರೆದಿರಬಹುದು, ಕೊಂಡ ದಿರ್ಹಮ್ ಮಾರೋಕೆ ಮಾರುಕಟ್ಟೆ ಬೆಳಿಗ್ಗೆ ಒಂಬತ್ತಕ್ಕೆ ತಾನೆ ತೆರೆಯೋದು. ಅಲ್ಲೀತನಕ ರೂಪಾಯಿ ಎಲ್ಲಿಗೆ ಹೋಗುತ್ತೋ ಅನ್ನೋ ಭಯಕ್ಕೆ ಹತ್ತಿಪ್ಪತ್ತು ಪೈಸೆ ಜಾಸ್ತಿ ಹಿಡೀತಾರೆ. ಶನಿವಾರ-ಭಾನುವಾರ ಜಾಸ್ತಿ ಕಮಿಷನ್ ಹಾಕೋ ಆ್ಯಪ್‌ಗಳು ಹೊರದೇಶದಲ್ಲಿ ಈಗಾಗಲೇ ಇವೆ. ಬೇಗ ಬೇಕಾ, ಒಳ್ಳೆ ದರ ಬೇಕಾ ಅಂತ ಕೇಳೋ ದಿನ ಬರುತ್ತೆ.

ಡೀಲರ್_ಅಲ್ಲ_ಕ್ಲರ್ಕ್
ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಈಗ ಬ್ಯಾಂಕುಗಳ ಡಾಲರ್-ರೂಪಾಯಿ ವಹಿವಾಟನ್ನು ಸಿಸಿಐಎಲ್ ಅನ್ನೋ ಕ್ಲಿಯರಿಂಗ್ ಸಂಸ್ಥೆ ಕೂಡಿಸಿ ಕಳೆದು, ಕೊನೆಗೆ ಉಳಿದದ್ದನ್ನು ಮಾತ್ರ ಕೊಡಿಸುತ್ತೆ. ಸೆಕೆಂಡಿನಲ್ಲಿ ಒಂದೊಂದಾಗಿ ಇತ್ಯರ್ಥ ಮಾಡಿದ್ರೆ ಪ್ರತಿ ಸಲ ಪೂರ್ತಿ ದುಡ್ಡು ಮುಂದೆ ಇಟ್ಟಿರಬೇಕು. ಆ ದುಡ್ಡಿಗೆ ಬಡ್ಡಿ ಯಾರು ಕೊಡ್ತಾರೆ? ದರದಲ್ಲೇ ಬರುತ್ತೆ.

ನಾಸ್ಟ್ರೋ_ತಾತ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇವತ್ತು ಹತ್ತು ದೇಶದ ನಾಸ್ಟ್ರೋಗಳಲ್ಲಿ ಸುಮ್ಮನೆ ಮಲಗಿರುವ ದುಡ್ಡು ಎಷ್ಟು ಗೊತ್ತೇ? ಸೇತುವೆ ಬಂದರೆ ಅದು ಬಿಡುಗಡೆ ಆಗುತ್ತದೆ. ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಯಲ್ಲಿ ಬರುತ್ತದೆ.

ಡೀಲರ್_ಅಲ್ಲ_ಕ್ಲರ್ಕ್
ದಿರ್ಹಮ್‌ನಂಥ ಸಣ್ಣ ನಾಸ್ಟ್ರೋಗೆ ನಿಮ್ಮ ಮಾತು ಸರಿ ಸರ್. ಡಾಲರಿಗೆ ಹೇಳಲಾರೆ. ಎರಡರ ತೂಕ ಹಾಕಿ ತೋರಿಸುವಷ್ಟು ದೊಡ್ಡ ಪ್ರಮಾಣದಲ್ಲಿ ಇನ್ನೂ ಓಡಿಲ್ಲ.

ಕನ್ನಡ_ಕರೆನ್ಸಿ
ಎಲ್ಲ ಸರಿ, ಆದ್ರೆ ಇ-ರೂಪಾಯಿ ಅಲ್ಲಿ ಕೊಂಡಿಟ್ಟುಕೊಂಡ ದುಬೈ ಬ್ಯಾಂಕ್ ಅದನ್ನ ಏನು ಮಾಡುತ್ತೆ? ನಾವು ಅವರಿಂದ ಎಣ್ಣೆ, ಚಿನ್ನ ತರಿಸೋದೇ ಹೆಚ್ಚು. ಎಣ್ಣೆ ಮಾರಿ ಬಂದ ರಷ್ಯಾದವರ ರೂಪಾಯಿ ಇಲ್ಲೇ ಖಾತೆಗಳಲ್ಲಿ ಕೂತು ಕೊಳೆತದ್ದು ಮರೆತ್ರಾ? ರೂಪಾಯಿ ಡಿಜಿಟಲ್ ಆದ್ರೆ ಬೇಕಾದವರು ಹುಟ್ಟಿಕೊಳ್ತಾರಾ?

ನಾಸ್ಟ್ರೋ_ತಾತ
ಹುಟ್ಟುವುದಿಲ್ಲ. 2023ರ ಜುಲೈನಲ್ಲಿ ರೂಪಾಯಿ-ದಿರ್ಹಮ್ ನೇರ ವ್ಯವಹಾರಕ್ಕೆ ಒಪ್ಪಂದ ಆಯಿತು, ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್ ಹತ್ತು ಲಕ್ಷ ಬ್ಯಾರೆಲ್ ಕಚ್ಚಾ ತೈಲಕ್ಕೆ ರೂಪಾಯಿಯಲ್ಲೇ ಕೊಟ್ಟಿತು. ಡಿಜಿಟಲ್ ಕರೆನ್ಸಿ ಇಲ್ಲದೆಯೇ. ರೂಪಾಯಿ ಹಿಡಿದವನಿಗೆ ಖರ್ಚು ಮಾಡಲು ಜಾಗ ಸಿಕ್ಕಷ್ಟೂ ದರ ಬಿಗಿ ಆಗುತ್ತದೆ, ಇಲ್ಲದಿದ್ದರೆ ಯಾವ ಲೆಡ್ಜರಿನಲ್ಲಿ ಇಟ್ಟರೂ ಸಡಿಲ.

ಪೀಣ್ಯದವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೇತುವೆ ಇದ್ದಿದ್ದರೆ ನಿಮ್ಮ ₹15,996ರಲ್ಲಿ ₹1,725 ಖಚಿತವಾಗಿ ಉಳಿಯುತ್ತಿತ್ತು. ₹590ರಲ್ಲಿ ಸ್ವಲ್ಪ. ₹905ರಲ್ಲಿ, ಹಣ ಬದಲಾಗುವುದು ಇಲ್ಲೇ ಆದರೆ, ಒಂದು ಪೈಸೆಯೂ ಇಲ್ಲ. ₹12,776 ಉಳಿಯುತ್ತಿತ್ತೋ ಇಲ್ಲವೋ, ದರ ಹೇಳುವವರು ಎಷ್ಟು ಜನ ಅನ್ನುವುದರ ಮೇಲೆ. ಆದರೆ ಅದಕ್ಕೆ ಸೇತುವೆಗೆ ಕಾಯಬೇಡಿ. ಚಿಕ್ಕ ಗಿರಾಕಿಗಳೂ ವಿದೇಶಿ ಹಣ ಕೊಂಡು ಮಾರಬಹುದಾದ ಸಿಸಿಐಎಲ್‌ನ ಆನ್‌ಲೈನ್ ವೇದಿಕೆ ಎಫ್‌ಎಕ್ಸ್-ರೀಟೇಲ್ 2019ರ ಆಗಸ್ಟ್‌ನಿಂದ ಇದೆ. ಮಾರುಕಟ್ಟೆಯ ದರವೇ ಕಣ್ಣಿಗೆ ಕಾಣುತ್ತದೆ, ಬ್ಯಾಂಕಿನ ಮಾರ್ಜಿನ್ ಮೊದಲೇ ಹೇಳಿರುತ್ತಾರೆ. ಅದು ಬಂದದ್ದು ಡಾಲರ್-ರೂಪಾಯಿಗೆ. ದಿರ್ಹಮ್ ಹೇಗಿದ್ದರೂ ಡಾಲರಿಗೆ ಕಟ್ಟಿದ್ದು, ಗಿರಾಕಿಗೆ ಡಾಲರ್‌ನಲ್ಲಿ ಬಿಲ್ ಮಾಡಿದರೆ ಅವನಿಗೆ ಹೆಚ್ಚು ಕಮ್ಮಿ ಆಗುವುದು ಅತ್ಯಲ್ಪ.

ಅರ್ಧಶಾಸ್ತ್ರಿ
ಆದ್ರೆ ಡಾಲರ್ ಅಂದ್ರೆ ನ್ಯೂಯಾರ್ಕ್ ದಾರಿ ತಾತ. ಅಲ್ಲಿ ಇನ್ನೊಬ್ಬ 25-30 ಡಾಲರ್ ಮುರಿದುಕೊಂಡರೆ?

ನಾಸ್ಟ್ರೋ_ತಾತ
ಮುರಿಯಬಹುದು. 30 ಡಾಲರ್ ಅಂದರೆ ಎರಡೂವರೆ ಸಾವಿರ. ಹನ್ನೆರಡು ಸಾವಿರದ ಎದುರು ಇಡಿ, ಮಾರ್ಜಿನ್ ಎಷ್ಟಕ್ಕೆ ಒಪ್ಪುತ್ತಾರೆ ನೋಡಿ ಆಮೇಲೆ ಹೇಳೋಣ.

ಪೀಣ್ಯ_ಲೇತ್
ಬ್ಯಾಂಕಿಗೆ ಹೋಗಿ ಬಂದೆ. ಎಫ್‌ಎಕ್ಸ್-ರೀಟೇಲ್ ಅಂದ್ರೆ ಕೌಂಟರಿನ ಹುಡುಗಿಗೆ ಗೊತ್ತಿಲ್ಲ, ಮ್ಯಾನೇಜರ್ "ಕೇಳಿ ಹೇಳ್ತೀನಿ" ಅಂದ್ರು. ಆದ್ರೆ ಡೀಲ್ ರೇಟ್ ಕೊಡಿ ಅಂದಾಗ ಟ್ರೆಷರಿಗೆ ಫೋನ್ ಹಚ್ಚಿದ್ರು. ಮುಂದಿನ ಬಿಲ್ಲಿಗೆ ಮಾರುಕಟ್ಟೆಯಿಂದ 9 ಪೈಸೆ ಕೆಳಗೆ ಕೊಡ್ತಾರಂತೆ. ಜೊತೆಗೆ P0102 ಅಂತ ಬರೆದ ಡಿಸ್ಪೋಸಲ್ ಲೆಟರ್ ಮುಂಚೆಯೇ ಕೊಟ್ಟು ಬಂದೆ. ಇಪ್ಪತ್ತೆಂಟನೇ ತಾರೀಕಿಗೆ ದುಡ್ಡು ಬರಬೇಕು, ಗಂಟೆ ಸಮೇತ ಇಲ್ಲಿ ಹಾಕ್ತೀನಿ.

ಸುಮಾ_ಯಶವಂತಪುರ
ತಮ್ಮ ಬೇರೆ ಕಡೆ ಕೇಳಿದ. ಫೀಸ್ 15 ದಿರ್ಹಮ್ ಇರೋ ಕಡೇಲೇ ಅಮ್ಮನಿಗೆ ₹210 ಜಾಸ್ತಿ ಬರುತ್ತಂತೆ. ಹೋದ ನಾಲ್ಕು ವರ್ಷದ್ದು ಲೆಕ್ಕ ಹಾಕಬೇಡ ಅಂತ ಅವನೇ ಅಂದ.